ಚಿತ್ರ ಏರುತ್ತಿಲ್ಲ: ತಾಣ ಬಿದ್ದಿದೆಯೋ, ನನ್ನನ್ನು ತಡೆದಿದ್ದಾರೋ?

ಗೀಜಗ: ನಾನು ಹಕ್ಕಿಗಳ ಚಿತ್ರ ಹಾಕುವ ತಾಣ ಬೆಳಿಗ್ಗೆಯಿಂದ ಒಂದನ್ನೂ ಸ್ವೀಕರಿಸುತ್ತಿಲ್ಲ. ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಬರುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ಎರಡರಲ್ಲೂ ಅದೇ ಕಥೆ. ಅವರ ಸ್ಥಿತಿ ಪುಟದಲ್ಲಿ ಎಲ್ಲವೂ ಹಸಿರು. ನಿನ್ನೆ ಒಂದೇ ಸಮನೆ 240 ಚಿತ್ರ ಏರಿಸಿದ್ದೆ.

ಕಡಲತಡಿ: ಎರಡು ಸಾಧನಗಳಲ್ಲಿ ಕೆಟ್ಟಿದೆ ಎಂದರೆ ತಾಣವೇ ಬಿದ್ದಿದೆ. ಸುಮ್ಮನೆ ಕಾಯಿರಿ.

ತಂತಿಮನೆ: ಎರಡೂ ಒಂದೇ ವೈಫೈ, ಒಂದೇ ಖಾತೆಯಲ್ಲಿದ್ದರೆ ಅದು ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿದಂತೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಖಾತೆಯಿಂದಲೇ ಒಂದು ಸಣ್ಣ ಚಿತ್ರ ಏರಿಸಿ ನೋಡಿ. ಆಮೇಲೆ ಮನೆಯ ವೈಫೈಯಲ್ಲೇ ಬೇರೆಯವರ ಖಾತೆಯಿಂದ, ಅವರದೇ ಮೊಬೈಲಿನಲ್ಲಿ ಪ್ರಯತ್ನಿಸಲಿ. ವಿಪಿಎನ್ ಬೇಡ. ಅದರ ವಿಳಾಸಗಳನ್ನೇ ತಡೆದಿಟ್ಟ ತಾಣಗಳು ಬಹಳ. ಇನ್ನೊಂದು ಗೊಂದಲ ಸೇರುತ್ತದೆ.

ಹಸಿರು ದೀಪವನ್ನು ಪೂರ್ತಿ ನಂಬಬೇಡಿ. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಕಡತ ಸಂಗ್ರಹ ಸೇವೆ S3 ಕೈಕೊಟ್ಟಾಗ ಅದರ ಸ್ಥಿತಿ ಫಲಕವನ್ನು ಬದಲಿಸುವ ವ್ಯವಸ್ಥೆಯೂ S3 ಮೇಲೆಯೇ ನಿಂತಿತ್ತು. ಹಾಗಾಗಿ ಕೆಲ ಹೊತ್ತು ಅದನ್ನು ತಿದ್ದಲು ಅವರಿಂದಲೇ ಆಗಲಿಲ್ಲ.

ಸಂಪಿಗೆ: ಹೋದ ವರ್ಷ ನನ್ನ ಖಾತೆಗೆ ಯಾರೋ ನುಗ್ಗಿದ್ದರು. ಕೂಡಲೇ ಪಾಸ್‌ವರ್ಡ್ ಬದಲಿಸಿ!

ಕಡಲತಡಿ: ಲಾಗಿನ್ ಆಗದೆ ಖಾಸಗಿ ಕಿಟಕಿಯಲ್ಲಿ ತಾಣ ತೆರೆದರೆ ಸಾಲದೇ? ತೆರೆದರೆ ತಾಣ ಸರಿಯಿದೆ ಎಂದಾಯಿತು.

ತಂತಿಮನೆ: ಸಾಲದು. ನೋಡಲು ಸಿಗುವ ಪುಟಗಳು ಎಷ್ಟೋ ಸಲ ಬೇರೆಡೆ ಇಟ್ಟ ಪ್ರತಿಗಳಿಂದ ಬರುತ್ತವೆ. ಏರಿಸುವ ಭಾಗ ಸತ್ತಿದ್ದರೂ ಅವು ತೆರೆದುಕೊಳ್ಳುತ್ತವೆ. ಯಾವ ಕೆಲಸ ಕೆಟ್ಟಿದೆಯೋ ಅದನ್ನೇ ಪರೀಕ್ಷಿಸಬೇಕು. ಸಂಪಿಗೆಯವರೇ, ಇಲ್ಲಿ ಲಾಗಿನ್‌ಗೆ ತೊಂದರೆಯೇ ಇಲ್ಲ.

ಗೀಜಗ: ಮೊಬೈಲ್ ಡೇಟಾದಲ್ಲಿಯೂ ನನ್ನ ಚಿತ್ರ ಏರಲಿಲ್ಲ. ಯಜಮಾನರ ಖಾತೆಯಿಂದ ನಮ್ಮ ವೈಫೈಯಲ್ಲೇ ಮೊದಲ ಸಲಕ್ಕೇ ಏರಿತು.

ತಂತಿಮನೆ: ಹಾಗಾದರೆ ಏರಿಸುವ ಸೇವೆ ಬದುಕಿದೆ, ನಿಮ್ಮ ವೈಫೈಗೂ ತಡೆಯಿಲ್ಲ. ಬೆರಳು ಖಾತೆಯತ್ತ ತೋರಿಸುತ್ತಿದೆ. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ F12 ಒತ್ತಿ, Network ತೆರೆದು, ಇನ್ನೊಂದೇ ಸಲ ಏರಿಸಿ. ಸೋತ ಸಾಲಿನ ಸಂಖ್ಯೆ ಏನು?

ಗೀಜಗ: 429. ಒಳಗೆ ಹೀಗಿದೆ:

```
Retry-After: 86400
```

ತಂತಿಮನೆ: 503 ಬಂದಿದ್ದರೆ ಸರ್ವರ್ ಬಳಲಿದೆ ಎನ್ನಬಹುದಿತ್ತು, 403 ಆಗಿದ್ದರೆ ನಿಮಗೆ ಅನುಮತಿಯಿಲ್ಲ ಎಂದು. 429 ಎಂದರೆ ಅಲ್ಪ ಕಾಲದಲ್ಲಿ ಅತಿಯಾಗಿ ಕೇಳಿದ್ದೀರಿ ಎಂದು. 86400 ಸೆಕೆಂಡು ಎಂದರೆ ಒಂದು ದಿನ. ಅಲ್ಲಿಯವರೆಗೆ ಮುಟ್ಟಬೇಡಿ, ಮೊಬೈಲಿನ ಆ್ಯಪ್ ತಾನಾಗಿ ಮರುಪ್ರಯತ್ನ ಮಾಡುತ್ತಿದ್ದರೆ ಅದನ್ನೂ ನಿಲ್ಲಿಸಿ. ಕೆಲವು ತಾಣಗಳು ಪ್ರತಿ ಪ್ರಯತ್ನಕ್ಕೂ ಎಣಿಕೆಯನ್ನು ಮುಂದೆ ತಳ್ಳುತ್ತವೆ. ಉಳಿದ ಚಿತ್ರಗಳನ್ನು ಯಜಮಾನರ ಖಾತೆಯಿಂದ ಸುರಿಯುವ ಯೋಚನೆಯೂ ಬೇಡ, ಅದೂ ಸಿಕ್ಕಿಹಾಕಿಕೊಂಡೀತು.

ಗೀಜಗ: ಒಂದು ದಿನ ಬಿಟ್ಟು ಪ್ರಯತ್ನಿಸಿದೆ. ಮೂರು ಚಿತ್ರ ಏರಿದವು, ನಾಲ್ಕನೆಯದಕ್ಕೆ 403 ಬಂತು. ಆ ಚಿತ್ರದ ದೋಷವೋ, ಖಾತೆಯದೋ ತಿಳಿಯಲಿಲ್ಲ. ಸಹಾಯ ವಿಭಾಗಕ್ಕೆ ಸಮಯ, ಸಂಖ್ಯೆ ಎರಡನ್ನೂ ಬರೆದು ಕಳಿಸಿದ್ದೇನೆ.

ತಂತಿಮನೆ: ಅದೇ ನಾಲ್ಕನೆಯದನ್ನು ಬಿಟ್ಟು ಐದನೆಯದನ್ನು ಏರಿಸಿ ನೋಡಿದಿರಾ?