ಪದಚರ್ಚೆ: ಸಹಕಾರ ಸಂಘದ ಬೋರ್ಡಿನಲ್ಲಿ ‘ಡಿಫಾಲ್ಟ್’ಗೆ ಏನು ಬರೆಯಲಿ? (ತುರ್ತು)

ಸವಿತಾ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಪೇಂಟರ್ ಬರುತ್ತಾನೆ, ಅದಕ್ಕೇ ಅವಸರ. ನಮ್ಮ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಬೆಳೆ ವಿಮೆಯ ಬೋರ್ಡು ಬರೆದುಕೊಡಬೇಕು. ಇಂಗ್ಲಿಷ್ ಟಿಪ್ಪಣಿಯಲ್ಲಿ ಸಾಲ ಪಡೆದ ರೈತರಿಗೆ ವಿಮೆಯೇ ‘ಡಿಫಾಲ್ಟ್ ಆಪ್ಷನ್’ ಎಂದಿದೆ. ಬೇಡ ಅನ್ನುವವರು ನೋಂದಣಿಯ ಕೊನೆ ದಿನಕ್ಕೆ ಕನಿಷ್ಠ 7 ದಿನ ಮೊದಲು ಬರೆದುಕೊಡಬೇಕು.

ತೊಂದರೆ ಏನಂದ್ರೆ, ಸಂಘದ ಬೋರ್ಡಿನಲ್ಲಿ ಡಿಫಾಲ್ಟ್ ಅಂತ ಕಂಡರೆ ಜನ ‘ಸುಸ್ತಿ’ ಅಂತಲೇ ಓದಿಕೊಳ್ಳುತ್ತಾರೆ. ಸಾಲ ಕಟ್ಟದವರ ಪಟ್ಟಿ ಅಂದುಕೊಂಡು ದೂರದಿಂದಲೇ ವಾಪಸ್ ಹೋಗ್ತಾರೆ. ಕಾರ್ಯದರ್ಶಿಯವರು ‘ಸ್ವಯಂಚಾಲಿತ ಆಯ್ಕೆ’ ಅಂತ ಹಾಕಿ ಅಂದರು. ನನಗೆ ಹಿಡಿಸಲಿಲ್ಲ. ಜೊತೆಗೆ ಸಿಬ್ಬಂದಿ ತರಬೇತಿಯ ಕೈಪಿಡಿಯಲ್ಲಿ ‘ನಡ್ಜ್’ ಅನ್ನೋ ಮಾತು ಪುಟಪುಟಕ್ಕೂ ಬರುತ್ತೆ, ಅಂದ್ರೆ ಬಲವಂತ ಮಾಡದೆ ಜನರನ್ನ ಒಂದು ಆಯ್ಕೆಯ ಕಡೆ ಮೆಲ್ಲಗೆ ತಿರುಗಿಸೋದು. ಅದಕ್ಕೂ ಒಂದು ಪದ ಬೇಕು.

ಕಿರಣ್, ಮೈಸೂರು

ಪೂರ್ವನಿಯೋಜಿತ ಆಯ್ಕೆ. ತಂತ್ರಾಂಶಗಳ ಕನ್ನಡೀಕರಣದಲ್ಲಿ ವರ್ಷಗಳಿಂದ ಇದೇ ಬಳಸ್ತಾ ಇದ್ದೀವಿ. ಮತ್ತೆ ಹೊಸದಾಗಿ ಚರ್ಚೆ ಯಾಕೆ?

ನಡ್ಜ್ ವಿಷಯ ತುಂಬಾ ಸರಳ. ಜನ ಸೋಮಾರಿಗಳು. ಮೊದಲೇ ಟಿಕ್ ಹಾಕಿಟ್ಟರೆ ಯಾರೂ ತೆಗೆಯಲ್ಲ. ಆಸ್ಟ್ರಿಯಾದಲ್ಲಿ ಅಂಗದಾನ ಬೇಡ ಅನ್ನುವವರು ಮಾತ್ರ ಬರೆದುಕೊಡಬೇಕು. ಹಾಗಾಗಿ ಅಲ್ಲಿ 99.98% ಜನ ಅಂಗದಾನ ಮಾಡ್ತಾರೆ. ಪಕ್ಕದ ಜರ್ಮನಿಯಲ್ಲಿ ಬೇಕು ಅನ್ನುವವರು ಬರೆದುಕೊಡಬೇಕು, ಅಲ್ಲಿ 12% ಅಷ್ಟೇ.

ನಾಗೇಶ ರಾವ್, ಮೈಸೂರು

ಪೂರ್ವನಿಯೋಜಿತ ಎಂಬುದು ಪತ್ರಿಕೆಯ ಅಪರಾಧ ಪುಟದ ಮಾತು. ‘ಇದು ಪೂರ್ವನಿಯೋಜಿತ ಕೃತ್ಯ’ ಎಂದು ಪೊಲೀಸರು ಹೇಳುತ್ತಾರೆ. ರೈತನ ವಿಮೆಗೆ ಅದು ಬೇಡ.

ಸವಿತಾ ಅವರು ಹೆದರುತ್ತಿರುವ ಪದವೇ ಸರಿಯಾದ ಪದ ಎಂದು ನನ್ನ ಅಭಿಪ್ರಾಯ. ಸುಸ್ತಿ ಪಾರ್ಸಿಯಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಜಡತನ, ಸಡಿಲತನ. ಸಾಲ ಕಟ್ಟದೆ ಸುಮ್ಮನಿದ್ದವನು ಸುಸ್ತಿದಾರ. ಆಯ್ಕೆ ಮಾಡದೆ ಸುಮ್ಮನಿದ್ದವನೂ ಸುಸ್ತಿದಾರನೇ. ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಪದ ಇರುವುದು ಸುಮ್ಮನೆ ಅಲ್ಲ. ‘ಸುಸ್ತಿ ಆಯ್ಕೆ’ ಎನ್ನಿ.

ಪುಟ್ಟಸ್ವಾಮಿ, ನಾಗಮಂಗಲ

ಮೇಷ್ಟ್ರೇ, ಸುಸ್ತಿ ಆಯ್ಕೆ ಅಂತ ಬೋರ್ಡು ಹಾಕಿ ನೋಡಿ, ಊರಲ್ಲಿ ಗಲಾಟೆ ಆಗುತ್ತೆ. ನಾನು ಒಂದು ಕಂತೂ ಬಾಕಿ ಉಳಿಸಿಕೊಂಡವನಲ್ಲ. ನನ್ನನ್ನ ಯಾಕೆ ಡಿಫಾಲ್ಟ್ ಅಂತೀರಿ?

ಇನ್ನೊಂದು ಮಾತು. ನನ್ನ ರಾಗಿಗೂ ವಿಮೆ ಹಣ ಹಿಡಿದುಕೊಂಡಿದ್ದರು. ಹೊಲ ಒಣಗಿತು, ಒಂದು ಪೈಸೆ ಬರಲಿಲ್ಲ. ನನ್ನನ್ನ ಯಾರೂ ಕೇಳಿಯೇ ಇಲ್ಲ. ವಿಮೆ ಕಡ್ಡಾಯ ತಾನೇ? ಹಾಗಿದ್ದ ಮೇಲೆ ಆಯ್ಕೆ ಅನ್ನೋ ಪದ ಯಾಕೆ ಬೇಕು?

ರೇಖಾ, ಮೈಸೂರು

ಪುಟ್ಟಸ್ವಾಮಿಯವರ ಕೊನೆಯ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವಳು, ಸ್ವಲ್ಪ ಉದ್ದ ಆದರೆ ಬೈಯಬೇಡಿ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಶುರುವಾದಾಗ ಬೆಳೆ ಸಾಲ ಪಡೆದವರಿಗೆ ವಿಮೆ ಕಡ್ಡಾಯವೇ ಇತ್ತು. 2020ರ ಮುಂಗಾರಿನಿಂದ ಎಲ್ಲರಿಗೂ ಐಚ್ಛಿಕ ಮಾಡಿದರು. ಆದರೆ ಸುಮ್ಮನಿದ್ದರೆ ಏನಾಗುತ್ತದೆ ಅನ್ನುವುದು ಇಬ್ಬರಿಗೂ ಒಂದೇ ಅಲ್ಲ. ಸಾಲ ಪಡೆಯದ ರೈತ ಸುಮ್ಮನಿದ್ದರೆ ವಿಮೆಯ ಹೊರಗೆ ಇರುತ್ತಾನೆ. ಸಾಲ ಪಡೆದವನು ಸುಮ್ಮನಿದ್ದರೆ ಒಳಗೆ ಸೇರುತ್ತಾನೆ. ಉದಾಹರಣೆಗೆ, ನೋಂದಣಿಗೆ ಜುಲೈ 31 ಕೊನೆ ದಿನ ಅಂತ ಇಟ್ಟುಕೊಳ್ಳಿ. ಬೇಡ ಅನ್ನುವ ಚೀಟಿ 24ರೊಳಗೆ ಸಂಘಕ್ಕೆ ಸಿಗಬೇಕು. ಮುಂಗಾರಿನ ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ 2%. ಮೊತ್ತ 40,000 ರೂಪಾಯಿ ಆದರೆ 800 ರೂಪಾಯಿ. ಅದು ಸಾಲದ ಖಾತೆಯಲ್ಲೇ ಖರ್ಚು ಬೀಳುತ್ತದೆ. ಜೇಬಿನಿಂದ ತೆಗೆದುಕೊಟ್ಟ ಹಾಗೆ ಅನ್ನಿಸುವುದೇ ಇಲ್ಲ.

ಈಗ ಒಬ್ಬ ರೈತ ಚೀಟಿ ಕೊಡಲಿಲ್ಲ ಅಂದುಕೊಳ್ಳಿ. ಕಿರಣ್ ಅದನ್ನು ಸೋಮಾರಿತನ ಅನ್ನುತ್ತಾರೆ. ನನಗೆ ಅದು ಕಾಲು ಭಾಗ ಅಷ್ಟೇ. ಚೀಟಿ ಬರೆದು, ಬಸ್ ಹತ್ತಿ, ಸಂಘಕ್ಕೆ ಹೋಗಿ, ಕಾರ್ಯದರ್ಶಿ ಇಲ್ಲ ಅಂದ್ರೆ ಮತ್ತೆ ಬರಬೇಕು. ಅದು ಶ್ರಮ, ಸೋಮಾರಿತನ ಅಲ್ಲ. ಎರಡನೆಯದು, ‘ಸಂಘದವರೇ ಸೇರಿಸಿದ್ದಾರೆ ಅಂದ್ರೆ ಒಳ್ಳೆಯದೇ ಇರಬೇಕು’ ಅನ್ನುವ ನಂಬಿಕೆ. ಮೊದಲೇ ಇಟ್ಟ ಆಯ್ಕೆಯನ್ನು ಜನ ಸಲಹೆ ಅಂತ ಓದುತ್ತಾರೆ. ಮೂರನೆಯದು ಕಳೆದುಕೊಳ್ಳುವ ಭಯ. ಒಳಗಿದ್ದವನಿಗೆ ವಿಮೆ ಬಿಡುವುದು ಕೈಯಲ್ಲಿದ್ದದ್ದನ್ನು ಬಿಟ್ಟ ಹಾಗೆ ಕಾಣುತ್ತದೆ. ಹೊರಗಿದ್ದವನಿಗೆ ಅದೇ 800 ರೂಪಾಯಿ ನಷ್ಟದಂತೆ ಕಾಣುತ್ತದೆ. ನಾಲ್ಕನೆಯದು ಪುಟ್ಟಸ್ವಾಮಿಯವರದು: ಆಯ್ಕೆ ಇದೆ ಅಂತಲೇ ಗೊತ್ತಿಲ್ಲ. ಅದನ್ನು ನಡ್ಜ್ ಅನ್ನುವುದಕ್ಕೆ ಆಗುವುದಿಲ್ಲ. ನಡ್ಜ್ ಅನ್ನುವ ಮಾತನ್ನು ಜನಪ್ರಿಯ ಮಾಡಿದ ಥೇಲರ್ ಮತ್ತು ಸನ್‌ಸ್ಟೈನ್ ಹಾಕಿದ ಷರತ್ತೇ ಅದು. ಹೊರಗೆ ಬರುವ ದಾರಿ ಕಾಣಬೇಕು, ಸುಲಭವಾಗಿರಬೇಕು, ದುಬಾರಿ ಆಗಿರಬಾರದು.

ಅಂಗದಾನದ ಅಂಕಿ ಇರುವುದು 2003ರ ಒಂದು ಪ್ರಬಂಧದಲ್ಲಿ. ಆದರೆ ಅದು ಒಪ್ಪಿಗೆ ಇದೆ ಅಂತ ಲೆಕ್ಕಕ್ಕೆ ಹಿಡಿದವರ ಪ್ರಮಾಣ. ನಿಜವಾಗಿ ದಾನ ಆದ ಅಂಗಗಳ ಲೆಕ್ಕ ಅಲ್ಲ. ಸಾವಿನ ಹೊತ್ತಿಗೆ ಮನೆಯವರನ್ನು ಕೇಳುವುದು ರೂಢಿ, ಆಸ್ಪತ್ರೆಯಲ್ಲಿ ವ್ಯವಸ್ಥೆಯೂ ಇರಬೇಕು. ದಾನದ ಪ್ರಮಾಣದಲ್ಲಿ ಅಷ್ಟು ಅಂತರ ಇಲ್ಲವೇ ಇಲ್ಲ.

ಕಿರಣ್, ಮೈಸೂರು

ಸರಿ, ಅಂಗದಾನ ಬಿಡಿ. ಹಾಗಾದ್ರೆ ನಿಜವಾದ ದುಡ್ಡಿನ ವಿಷಯದಲ್ಲಿ ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಏನು ಸಾಕ್ಷಿ?

ರೇಖಾ, ಮೈಸೂರು

ಅಮೆರಿಕದ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ. ಅಕ್ಕಪಕ್ಕದ ರಾಜ್ಯಗಳು. ಕಾರಿನ ವಿಮೆಯಲ್ಲಿ ಎರಡೂ ಕಡೆ ಒಂದೇ ಥರದ ಆಯ್ಕೆ ತಂದರು. ಅಪಘಾತವಾದರೆ ಕೋರ್ಟಿಗೆ ಹೋಗುವ ಪೂರ್ಣ ಹಕ್ಕು ಬೇಕಾದರೆ ಕಂತು ಜಾಸ್ತಿ. ಹಕ್ಕನ್ನು ಮಿತಿಗೊಳಿಸಿಕೊಂಡರೆ ಕಂತು ಕಡಿಮೆ. ನ್ಯೂಜೆರ್ಸಿಯಲ್ಲಿ ಸುಮ್ಮನಿದ್ದವರಿಗೆ ಅಗ್ಗದ್ದು, ಪೆನ್ಸಿಲ್ವೇನಿಯಾದಲ್ಲಿ ದುಬಾರಿಯದು. ಪೂರ್ಣ ಹಕ್ಕು ತೆಗೆದುಕೊಂಡವರು ನ್ಯೂಜೆರ್ಸಿಯಲ್ಲಿ ಸುಮಾರು 20%, ಪೆನ್ಸಿಲ್ವೇನಿಯಾದಲ್ಲಿ ಸುಮಾರು 75%. 1993ರಲ್ಲಿ ಪ್ರಕಟವಾದ ಅಧ್ಯಯನ ಇದು. ಗಡಿ ದಾಟಿದ ತಕ್ಷಣ ಜನರ ಬುದ್ಧಿ ಅಷ್ಟು ಬದಲಾಗುತ್ತದಾ?

ಹಾಗಂತ ಎಲ್ಲ ಕಡೆಯೂ ನಡೆಯುವುದಿಲ್ಲ. ಅಲ್ಲೇ ಬಡ ಕುಟುಂಬಗಳಿಗೆ ವಾಪಸ್ ಬರುವ ತೆರಿಗೆ ಹಣದ ಒಂದು ಭಾಗವನ್ನು ಉಳಿತಾಯ ಬಾಂಡಿಗೆ ಹಾಕುವುದೇ ಸುಮ್ಮನಿದ್ದರೆ ಆಗುವ ಆಯ್ಕೆ ಎಂದು ಇಟ್ಟು ನೋಡಿದರು. ಪರಿಣಾಮ ಆಗಲಿಲ್ಲ. ಆ ಹಣಕ್ಕೆ ಖರ್ಚಿನ ದಾರಿ ಅವರ ಮನಸ್ಸಿನಲ್ಲಿ ಮೊದಲೇ ಗಟ್ಟಿಯಾಗಿತ್ತು.

ನಾಗೇಶ ರಾವ್, ಮೈಸೂರು

ಇದು ಪದಚರ್ಚೆ. ಅಮೆರಿಕದ ಕಾರು ವಿಮೆ ಅಲ್ಲ. ಪದ ಎಲ್ಲಿ?

ಪುಟ್ಟಸ್ವಾಮಿ, ನಾಗಮಂಗಲ

ಮೇಡಂ, ನನ್ನ ರಾಗಿ ವಿಷಯ ಹೇಳಲೇ ಇಲ್ಲ.

ರೇಖಾ, ಮೈಸೂರು

ಪುಟ್ಟಸ್ವಾಮಿಯವರೇ, ಬರ ಬಂದಾಗ ನಿಮ್ಮ ಒಂದು ಹೊಲದ ಲೆಕ್ಕ ಹಿಡಿಯುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಅದು ನಿಗದಿ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಹಣ. ನಿಮ್ಮದು ಒಣಗಿ, ಪಂಚಾಯಿತಿಯ ಉಳಿದ ಕಡೆ ಬೆಳೆ ಚೆನ್ನಾಗಿದ್ದರೆ ಏನೂ ಬರುವುದಿಲ್ಲ. ಆಲಿಕಲ್ಲು ಮಳೆ, ನೀರು ನಿಂತು ಬೆಳೆ ಹಾಳಾಗುವುದು, ಇಂಥದ್ದಕ್ಕೆ ಹೊಲದ ಲೆಕ್ಕ ಇದೆ, ಆದರೆ 72 ಗಂಟೆಯೊಳಗೆ ತಿಳಿಸಬೇಕು.

ಇದರಿಂದಲೇ ಇನ್ನೊಂದು ತೊಡಕು. ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಭತ್ತ ಬೆಳೆಯುವವನಿಗೂ, ಮಳೆ ನೋಡಿಕೊಂಡು ರಾಗಿ ಬಿತ್ತುವ ನಿಮಗೂ ಆಯ್ಕೆ ಒಂದೇ. ಇಬ್ಬರ ಅಪಾಯ ಬೇರೆ. ಎಲ್ಲರಿಗೂ ಒಂದೇ ಅಂಗಿ ಹೊಲಿಸಿದರೆ ಕೆಲವರಿಗೆ ಬಿಗಿ ಆಗಿಯೇ ಆಗುತ್ತದೆ. ಹಾಗಾಗಿ ಬದಲಾಯಿಸಿಕೊಳ್ಳುವ ದಾರಿ ಸುಲಭ ಇರಲೇಬೇಕು.

ಸಂಘದಲ್ಲಿ ಜನ ವಿಮೆಯ ಒಳಗೇ ಯಾಕೆ ಉಳಿಯುತ್ತಾರೆ ಅಂತ ತಿಳಿಯಬೇಕಾದರೆ, ಸಾಲದ ಕಾಗದಕ್ಕೆ ಸಹಿ ಹಾಕುವ ಮೇಜಿನ ಮೇಲೇ ‘ಬೇಡ’ ಚೀಟಿ ಇಟ್ಟು ನೋಡಿ. ತುಂಬಾ ಜನ ಹೊರಗೆ ಹೋದರೆ ಇಷ್ಟು ದಿನ ಅವರನ್ನು ಹಿಡಿದಿಟ್ಟದ್ದು ಶ್ರಮ ಅಥವಾ ಗೊತ್ತಿಲ್ಲದಿರುವುದು. ಆಗಲೂ ಉಳಿದರೆ ಸಂಘದ ಮೇಲಿನ ನಂಬಿಕೆಯೋ, ವಿಮೆ ನಿಜವಾಗಿ ಬೇಕೋ, ಎರಡರಲ್ಲಿ ಒಂದು. ಅದನ್ನು ಬಿಡಿಸುವುದು ಇನ್ನೂ ಕಷ್ಟ.

ಪದ ಕೇಳಿದಿರಿ, ಮೇಷ್ಟ್ರೇ. ಬೋರ್ಡಿಗೆ ನಾಮಪದ ಬೇಡ ಅನ್ನುತ್ತೇನೆ. ‘ಬೇಡ ಎಂದು ಬರೆದುಕೊಡದಿದ್ದರೆ ಬೆಳೆ ಸಾಲದ ಜೊತೆ ಬೆಳೆ ವಿಮೆಯೂ ಸೇರುತ್ತದೆ. ವಿಮೆ ಕಡ್ಡಾಯವಲ್ಲ. ಬೇಡವಾದರೆ ಈ ತಾರೀಖಿನೊಳಗೆ ಚೀಟಿ ಕೊಡಿ.’ ತಾರೀಖನ್ನು ದೊಡ್ಡದಾಗಿ ಬರೆಸಿ.

ನಾಗೇಶ ರಾವ್, ಮೈಸೂರು

ಪದ ಕೇಳಿದರೆ ವಾಕ್ಯ ಕೊಡುವುದು ಭಾಷಾಂತರವಲ್ಲ, ಶರಣಾಗತಿ. ನಾಳೆ ಪಠ್ಯಪುಸ್ತಕದಲ್ಲಿ ಇದೇ ಬಂದರೆ ಮೂರು ಸಾಲು ಬರೆಯುತ್ತೀರಾ?

ಕಿರಣ್, ಮೈಸೂರು

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಹಾಗಿದ್ರೆ ಕನ್ನಡದ್ದೇ ಪದ ಕಟ್ಟೋಣ. ‘ತಾನಾಯ್ಕೆ’. ತಾನೇ ಆಗುವ ಆಯ್ಕೆ. ಸಂಸ್ಕೃತವೂ ಬೇಡ, ಪಾರ್ಸಿಯೂ ಬೇಡ. ನಮಗೆ ಎಲ್ಲದಕ್ಕೂ ಎರವಲು ತರೋ ಚಾಳಿ ಜಾಸ್ತಿ ಆಗಿದೆ.

ರೇಖಾ, ಮೈಸೂರು

ತಾನಾಯ್ಕೆ ಅಂದ್ರೆ ‘ತಾನು ಮಾಡಿದ ಆಯ್ಕೆ’ ಅಂತಲೂ ಆಗುತ್ತಲ್ವಾ? ಅರ್ಥ ಪೂರ್ತಿ ಉಲ್ಟಾ.

ಪುಟ್ಟಸ್ವಾಮಿ, ನಾಗಮಂಗಲ

ಪಾರ್ಸಿ ಬೇಡ ಅಂದ್ರೆ ವಿಮೆ, ಜಮೀನು ಎರಡೂ ಹೋದವು. ಅರಬ್ಬಿ ಬೇಡ ಅಂದ್ರೆ ರೈತ, ಫಸಲು, ಅರ್ಜಿನೂ ಹೋದವು. ಬೋರ್ಡೂ ಇಂಗ್ಲಿಷೇ. ಉಳಿದದ್ದು ಬರೀ ಗೋಡೆ, ಕಿರಣಪ್ಪ.

ನಾಗೇಶ ರಾವ್, ಮೈಸೂರು

ಬೇರೂರಿದ ಎರವಲು ಬೇರೆ, ಇಂದು ಹೊಸದಾಗಿ ಹೊತ್ತು ತರುವುದು ಬೇರೆ. ಇದನ್ನು ಎಷ್ಟು ಸಲ ಹೇಳಬೇಕು?

ಸವಿತಾ, ಮಂಡ್ಯ

ಎಲ್ಲರಿಗೂ ಧನ್ಯವಾದ. ರೇಖಾ ಮೇಡಂ ಕೊಟ್ಟ ವಾಕ್ಯಗಳನ್ನೇ ಪೇಂಟರ್‌ಗೆ ಕಳಿಸಿದೆ. ‘ಕಡ್ಡಾಯವಲ್ಲ’ ಅನ್ನೋ ಸಾಲು ಅಷ್ಟು ಮೇಲೆ ಬೇಕಾ ಅಂತ ಕಾರ್ಯದರ್ಶಿಯವರು ಕೇಳಿದರು. ಎಲ್ಲರೂ ಬೇಡ ಅಂದುಬಿಟ್ಟರೆ, ಬೆಳೆ ಹೋದ ವರ್ಷ ಜನ ತಮ್ಮನ್ನೇ ಹಿಡಿದುಕೊಳ್ಳುತ್ತಾರೆ ಅನ್ನೋದು ಅವರ ಚಿಂತೆ. ಅದೂ ಸುಳ್ಳಲ್ಲ. ಸಾಲು ಅಲ್ಲೇ ಇರಲಿ ಅಂದಿದ್ದೀನಿ, ಅವರಿನ್ನೂ ಹೂಂ ಅಂದಿಲ್ಲ.

ಕೈಪಿಡಿಯ ‘ನಡ್ಜ್’ ಹಾಗೇ ಉಳಿದಿದೆ. ‘ತಿವಿತ’ ಅಂದ್ರೆ ನೋವಾಗುವ ಹಾಗಿದೆ. ‘ಒತ್ತಾಸೆ’ ಅಂದ್ರೆ ಬೆಂಬಲ ಅಂತ ಆಗುತ್ತೆ. ‘ಸನ್ನೆ’ ಹೇಗೆ? ಮಾತಿಲ್ಲದೆ ದಾರಿ ತೋರಿಸೋದು, ಬಲವಂತ ಇಲ್ಲ. ಕಿರಣ್ ಅವರಿಗೂ ಇದು ಕನ್ನಡ ಅನ್ನಿಸಬಹುದು.

ನಾಗೇಶ ರಾವ್, ಮೈಸೂರು

ಸನ್ನೆ ಸಂಜ್ಞೆಯ ತದ್ಭವ.

ರೇಖಾ, ಮೈಸೂರು

ತದ್ಭವ ಆದ್ರೆ ಆಗಲಿ, ನನ್ನ ತಕರಾರು ಬೇರೆ. ಸನ್ನೆ ಮಾಡಿದವನನ್ನು ನಾವು ನೋಡಿರುತ್ತೇವೆ. ಮೊದಲೇ ಟಿಕ್ ಹಾಕಿಟ್ಟವನು ಕಣ್ಣಿಗೆ ಬೀಳುವುದಿಲ್ಲ. ಬೋರ್ಡಿಗೆ, ಎಸ್ಸೆಮ್ಮೆಸ್ ನೆನಪೋಲೆಗೆ ಸನ್ನೆ ನಡೆಯುತ್ತೆ. ವಿಮೆಯ ಈ ಏರ್ಪಾಡಿಗೆ ನಡೆಯಲ್ಲ. ಕೈಪಿಡಿಯಲ್ಲಿ ಎರಡನ್ನೂ ಒಂದೇ ಪದದಲ್ಲಿ ಹೇಳಲೇಬೇಕಾ, ಸವಿತಾ?