ಪದಚರ್ಚೆ: ಪೈಪ್ ಜಾಯಿಂಟಿನ 'ಕ್ಯೂರ್ ಟೈಮ್'ಗೆ ಏನನ್ನೋಣ?

ಲೇಬಲ್‌ನವಳು: ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್ ಡಬ್ಬಿಗೆ ಕನ್ನಡ ಲೇಬಲ್ ಬರೀತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. 'ಕ್ಯೂರ್ ಟೈಮ್'ಗೆ 'ಒಣಗುವ ಸಮಯ' ಅಂತ ಹಾಕಿದ್ದೆ. ಪೈಪ್ ಕೆಲಸದವರೊಬ್ಬರು ಓದಿ, ಇದನ್ನು ನಂಬಿದರೆ ಜಾಯಿಂಟ್ ಕಿತ್ತು ಬರುತ್ತದೆ ಅಂದರು. ಪ್ರೈಮರ್‌ಗೆ 'ಮೊದಲ ಲೇಪ' ಸರಿಯೇ?

ಹಳೆ ಸದಸ್ಯ: ಕ್ಯೂರಿಂಗ್‌ಗೆ 'ನೀರುಣಿಕೆ' ಅಂತ ಹಿಂದೆಯೇ ತೀರ್ಮಾನ ಮಾಡಿದ್ದೇವೆ. ಹುಡುಕಿ ನೋಡಿ.

ಪೈಪ್‌ಮೇಸ್ತ್ರಿ: ಸಾರ್, ಅದು ಕಾಂಕ್ರೀಟಿಗೆ. ಇಲ್ಲಿ ನೀರುಣಿಸಿದರೆ ಕೆಲಸ ಕೆಟ್ಟಿತು. ಈ ಸಿಮೆಂಟು ಅಂಟಲ್ಲ, ಪಿವಿಸಿಯನ್ನೇ ಕರಗಿಸಿದ ದ್ರಾವಣ. ಪೈಪು, ಸಾಕೆಟ್ ಎರಡರ ಮೈಯನ್ನೂ ಮೆತ್ತಗೆ ಮಾಡಿ ಒಂದಾಗಿಸುತ್ತದೆ. ಆಮೇಲೆ ಒಳಗೆ ಸಿಕ್ಕಿಕೊಂಡ ದ್ರಾವಕ ನಿಧಾನವಾಗಿ ಹೊರಗೆ ಹೋಗಬೇಕು. ಒಂದಿಂಚಿನ ಪೈಪು ಬೆಚ್ಚಗಿನ ಹವೆಯಲ್ಲಿ ಕೆಲವೇ ನಿಮಿಷಕ್ಕೆ ಸೆಟ್ ಆಗುತ್ತದೆ, ಅಂದರೆ ಕೈಯಲ್ಲಿ ಎತ್ತಬಹುದು, ಅಷ್ಟೇ. ಪೂರ್ತಿ ಒತ್ತಡದ ನೀರಿಗೆ ನಾನು 24 ಗಂಟೆ ಬಿಡುತ್ತೇನೆ. ಚಳಿ ಇದ್ದರೆ, ಪೈಪು ದಪ್ಪ ಇದ್ದರೆ ಇನ್ನೂ ಜಾಸ್ತಿ.

ಮನೆಕೆಲಸದವ: ನನ್ನದು ಇದೇ ಕಥೆ! ಅಂಚಲ್ಲಿ ಉಕ್ಕಿದ ಸಿಮೆಂಟು ಮುಟ್ಟಿದರೆ ಗಟ್ಟಿ ಇತ್ತು, ಒಣಗಿದೆ ಅಂತ ಎರಡು ಗಂಟೆಗೇ ವಾಲ್ವ್ ತೆರೆದೆ. ಎಲ್ಬೋದಿಂದ ಪೈಪು ಪೂರಾ ಜಾರಿ ಬಂತು. ಒಳಗೆ ಸಿಮೆಂಟು ಇನ್ನೂ ಗೋಂದಿನ ಹಾಗೆ ಎಳೆ ಎಳೆ. ಅಂದಹಾಗೆ ಪ್ರೈಮರ್ ಬರೀ ಬಣ್ಣಕ್ಕೆ ತಾನೇ? ನಾನು ಹಚ್ಚೋದೇ ಇಲ್ಲ.

ಪೈಪ್‌ಮೇಸ್ತ್ರಿ: ಅರ್ಧ ಸರಿ. ನೇರಳೆ ಬಣ್ಣ ಹಚ್ಚಿದ್ದು ಕಾಣಲಿ ಅಂತ. ಕೆಲಸ ಮಾಡೋದು ಅದರ ದ್ರಾವಕ, ಮೈ ಮೆತ್ತಗಾಗೋದು ಅದರಿಂದಲೇ. ಸಿಮೆಂಟಿನಲ್ಲೂ ದ್ರಾವಕ ಇರೋದರಿಂದ ಕೆಲವು ಸಲ ನಡೆಯುತ್ತದೆ, ಅಷ್ಟಕ್ಕೇ ಬೇಡ ಅನ್ನಬೇಡಿ. 'ಮೊದಲ ಲೇಪ' ಅಂತೂ ಹಾಕಲೇಬೇಡಿ. ಗೋಡೆಗೆ ಬಣ್ಣ ಹೊಡೆಯುವವರು ಪ್ರೈಮರ್ ಒಣಗಲು ಕಾಯುತ್ತಾರೆ, ಇಲ್ಲಿ ಹಸಿ ಇರುವಾಗಲೇ ಸಿಮೆಂಟು ಬಳಿಯಬೇಕು. ಸಿಮೆಂಟಿನ ಮೇಲೆ ಕೆನೆ ಕಟ್ಟುವ ಮೊದಲೇ ಪೈಪನ್ನು ತಳ ಮುಟ್ಟುವವರೆಗೆ ಕಾಲು ಸುತ್ತು ತಿರುಗಿಸಿ ನೂಕಿ, ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಬಿಟ್ಟರೆ ತಾನೇ ಹಿಂದಕ್ಕೆ ಜಾರುತ್ತದೆ. ಕಿತ್ತು ಬಂದ ತುದಿ ನುಣ್ಣಗೆ ಹೊಳೆಯುತ್ತಿದ್ದರೆ ಕೆನೆ ಕಟ್ಟಿದ ಮೇಲೆ ನೂಕಿದ್ದು. ನಿಮ್ಮ ಹಾಗೆ ಎಳೆ ಬಂದರೆ ಅವಸರ.

ಬೇರುಗಾರ: 'ಬಲಿ' ಅಚ್ಚಗನ್ನಡ. ಬಲಿತ ಕಾಯಿ ಅನ್ನಲ್ವಾ? 'ಬಲಿಯುವ ಹೊತ್ತು' ಇಡಿ. ಸೆಟ್‌ಗೆ 'ಹಿಡಿತ'. ಜೋಡಣೆಗೆ 'ಬೆಸುಗೆ', ಬೆಸೆ ಎಂಬ ಧಾತುವಿನಿಂದ.

ಹಳೆ ಸದಸ್ಯ: ಬೆಸುಗೆ ಅಂದರೆ ಬೆಂಕಿ ಹಿಡಿದು ಬರುತ್ತಾರೆ. ಆ ಡಬ್ಬಿ ಹತ್ತಿರ!

ಬೇರುಗಾರ: ಸ್ನೇಹ ಬೆಸೆಯುವಾಗ ಬೆಂಕಿ ಎಲ್ಲಿತ್ತು?

ಲೇಬಲ್‌ನವಳು: ಬೆಸುಗೆ ಬಿಟ್ಟೆ. ಪ್ರೈಮರ್ ಹಾಗೇ ಇರಲಿ, ಪಕ್ಕದಲ್ಲಿ 'ಹಸಿ ಇರುವಾಗಲೇ ಸಿಮೆಂಟ್ ಬಳಿಯಿರಿ'. ಉಳಿದದ್ದು 'ಕೈ ಬಿಡಲು' ಮತ್ತು 'ನೀರು ಬಿಡಲು' ಅಂತ ಎರಡು ಸಾಲು.

ಬೇರುಗಾರ: ಅದು ಪದವಲ್ಲ, ವಾಕ್ಯ. ಪದ ಕೇಳಿ ವಾಕ್ಯ ತಗೊಂಡು ಹೋಗ್ತೀರಿ.