ಅಪ್‌ಡೇಟ್: ಜೈವಿಕ ಅನಿಲ ಘಟಕದ ಸಾಲದ ಲೆಕ್ಕ ಕೊನೆಗೂ ಕೂಡಿಬಂತು

ನನ್ನ ಪ್ರಶ್ನೆ: "ಸಾಲ ತೀರಿಸಲು ಉಳಿಯುವ ನಗದು ಮೊದಲ ವರ್ಷ 1.3 ಕೋಟಿ, ಎರಡನೆಯ ವರ್ಷ 1.95, ಆಮೇಲೆ ಆರು ವರ್ಷ ತಲಾ 2.6. ಬಡ್ಡಿ ಶೇ 10, ಡಿಎಸ್‌ಸಿಆರ್ ಅಂದರೆ ವರ್ಷದ ನಗದು ಆ ವರ್ಷದ ಕಂತಿನ ಎಷ್ಟು ಪಟ್ಟು ಎಂಬ ಅನುಪಾತ 1.30 ಇರಬೇಕು. ಎಷ್ಟು ಸಾಲ ಸಿಗಬಹುದು?"

ಉತ್ತರವಾಗಿ ಬಂದ, ಎಂಟು ವರ್ಷದ ಸರಾಸರಿ ಅನುಪಾತ ತೋರಿಸಿ ಎಂಬ ಸಲಹೆ ಬ್ಯಾಂಕಿನಲ್ಲಿ ನಡೆಯಲಿಲ್ಲ. 9.35 ಕೋಟಿಗೆ ಸಮಕಂತು ಹಾಕಿದರೆ ಸರಾಸರಿ 1.34 ಬರುತ್ತದೆ, ಆದರೆ ಮೊದಲ ವರ್ಷ ಬರೀ 0.74. ಅಧಿಕಾರಿ ಪೆನ್ನಿನ ತುದಿ ಇಟ್ಟದ್ದೇ ಆ ಅಂಕಿಯ ಮೇಲೆ. ಸಮಕಂತೇ ಬೇಕೆಂದರೆ 5.33 ಕೋಟಿ ಮಾತ್ರ ಎಂದರು.

ಕೈಹಿಡಿದದ್ದು, ಕಂತನ್ನು ನಗದಿನ ಹರಿವಿಗೆ ತಕ್ಕಂತೆ ಕೆತ್ತಿ ಎಂದವರ ಸಲಹೆ. ಪ್ರತಿ ವರ್ಷದ ನಗದನ್ನು 1.30ರಿಂದ ಭಾಗಿಸಿದೆ: ಕಂತುಗಳು 1, 1.5, ನಂತರ 2 ಕೋಟಿ. ಅವುಗಳನ್ನು ಶೇ 10ರಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿ ಕೂಡಿದರೆ ಅದೇ 9.35 ಕೋಟಿ!

ಒಂದು ವಿಷಯ ಮಾತ್ರ ನನ್ನನ್ನು ಬೆಚ್ಚಿಬೀಳಿಸಿತು. ಮೊದಲ ವರ್ಷದ ಬಡ್ಡಿಯೇ 93.5 ಲಕ್ಷ, ಅಸಲಿಗೆ ಹೋಗುವುದು ಆರೂವರೆ ಲಕ್ಷ. ಆ ವರ್ಷದ ಅಂದಾಜನ್ನು 1.2 ಕೋಟಿಗೆ ಇಳಿಸಿ ಮತ್ತೆ ಕೆತ್ತಿದಾಗ ಕಂತು ಬಡ್ಡಿಗೂ ಸಾಲಲಿಲ್ಲ, ಅಸಲೇ ಬೆಳೆಯಿತು. ಅದನ್ನು ಬ್ಯಾಂಕ್ ಒಪ್ಪುವುದಿಲ್ಲ. ಹಾಗಾಗಿ ನಾನೇ 9 ಕೋಟಿಗೆ ಅರ್ಜಿ ಹಾಕಿದೆ, ಮಂಜೂರಾಗಿದೆ.